ಸಾಕ್ಷಿಕಟ್ಟೆಗೆ ಬಾರದ ಇಲಿರಾಯ

2022ರ ನವೆಂಬರ್‌ನಲ್ಲಿ ಮಥುರಾದ ಪೊಲೀಸರು ಕೋರ್ಟಿಗೆ ಒಂದು ವರದಿ ಕೊಟ್ಟರು. ಎರಡು ಠಾಣೆಗಳಲ್ಲಿ ಇಟ್ಟಿದ್ದ 581 ಕೆ.ಜಿ. ಗಾಂಜಾವನ್ನು ಇಲಿಗಳು ತಿಂದುಬಿಟ್ಟಿವೆ ಅಂತ. ನ್ಯಾಯಾಧೀಶರು ಅದಕ್ಕೆ ಪುರಾವೆ ಕೊಡಿ ಎಂದರು.

ಪುರಾವೆ ಯಾಕೆ, ಲೆಕ್ಕ ಹಾಕಿದರೆ ಸಾಕಲ್ವಾ? ಒಂದು ಇಲಿ ದಿನಕ್ಕೆ ಹೆಚ್ಚೆಂದರೆ 25 ಗ್ರಾಂ ತಿನ್ನುತ್ತದೆ. ನೂರು ಇಲಿಗಳು ಬೇರೇನನ್ನೂ ಮುಟ್ಟದೆ, ಒಂದು ದಿನವೂ ಉಪವಾಸ ಮಾಡದೆ ಗಾಂಜಾವನ್ನೇ ಮೆಂದರೂ ಏಳೂವರೆ ತಿಂಗಳು ಬೇಕು. ಅಷ್ಟು ದಿನ ಠಾಣೆಯಲ್ಲಿ ಯಾರಿಗೂ ಸುಳಿವೇ ಸಿಗಲಿಲ್ಲ. ಆ ಇಲಿಗಳು ಗಲಾಟೆಯನ್ನೂ ಮಾಡಲಿಲ್ಲ. ಗಾಂಜಾ ಹೊಡೆದವರು ಸುಮ್ನೆ ಕೂರುತ್ತಾರೆ ಅನ್ನುವುದು ನಿಜ ಇರಬೇಕು.

ಚೆನ್ನೈನಲ್ಲೂ ಇಲಿಗಳು ಬಂದವು. 2020ರಲ್ಲಿ 22 ಕೆ.ಜಿ. ಗಾಂಜಾ ಹಿಡಿದಿದ್ದ ಪೊಲೀಸರು ಲ್ಯಾಬಿಗೆ 50 ಗ್ರಾಂ, ಕೋರ್ಟಿಗೆ 50 ಗ್ರಾಂ ಕೊಟ್ಟು, ಉಳಿದದ್ದು ಇಲಿಯ ಪಾಲಾಯಿತು ಎಂದರು. 2023ರಲ್ಲಿ ಆರೋಪಿಗಳು ಬಿಡುಗಡೆಯಾದರು. ಕಾನೂನಿನಲ್ಲಿ 20 ಕೆ.ಜಿ. ದಾಟಿದರೆ ಗಾಂಜಾ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಒಂದು ಕೆ.ಜಿ.ಯೊಳಗಾದರೆ ಅಲ್ಪ ಪ್ರಮಾಣ. ಕೋರ್ಟಿನ ಕಣ್ಣಿಗೆ ಬಿದ್ದದ್ದು ಗ್ರಾಂ ಲೆಕ್ಕದ ಪೊಟ್ಟಣ, ಮಿಕ್ಕಿದ್ದು ಇಲಿಯ ಹೊಟ್ಟೆಯಲ್ಲಿ.

ಆದರೆ ನನ್ನ ಸಿಟ್ಟು ಇಲಿಯ ಮೇಲಲ್ಲ. ಮಾದಕ ವಸ್ತು ಕಾಯ್ದೆಯ 52ಎ ಕಲಂ ಇಲಿಗೂ ಗೆದ್ದಲಿಗೂ ಮೊದಲೇ ಔಷಧ ಬರೆದಿಟ್ಟಿದೆ. ಮಾಲು ಹಿಡಿದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ ಮಾಡಿಸಿ, ಫೋಟೊ ತೆಗೆಸಿ, ಅವರೆದುರೇ ಸ್ಯಾಂಪಲ್ ತೆಗೆದು ದೃಢೀಕರಣ ಪಡೆದರೆ ಅವೇ ಮೂಲ ಸಾಕ್ಷ್ಯ. ಆಮೇಲೆ ಮಾಲನ್ನು ಸುಟ್ಟುಬಿಡಬಹುದು. ಮೂಟೆಯನ್ನು ವರ್ಷಗಟ್ಟಲೆ ಮುದ್ದೆಮಾಲು ಕೋಣೆಯಲ್ಲಿ ಕೊಳೆಹಾಕಿ, ಇಲಿಗೆ ಊಟ ಬಡಿಸಬೇಕಾದ ಅಗತ್ಯವೇ ಇಲ್ಲ.

ಇಲಿ ಇಲ್ಲದ ಕಡೆಯೂ ಕೇಸು ಬೀಳುತ್ತದೆ. ಅದು ಹೇಗೆ ಅನ್ನುವುದಕ್ಕೆ ಒಂದು ಕಲ್ಪಿತ ಮೂಟೆಯನ್ನು ನೋಡೋಣ. ಪಿಎಸ್‌ಐ ಸಾಹೇಬರು ಬಸ್‌ಸ್ಟ್ಯಾಂಡಿನಲ್ಲಿ 24 ಕೆ.ಜಿ. 200 ಗ್ರಾಂ ಗಾಂಜಾ ಹಿಡಿದರು. ಇಬ್ಬರು ಪಂಚರನ್ನು ಕೂರಿಸಿಕೊಂಡು ಆರು ಪುಟದ ಮಹಜರು ಬರೆದರು. ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗು ಕರಗಿಸಿ, ಮೇಲೆ ತಮ್ಮ ಮೊಹರು ಒತ್ತಿದರು. ಮಹಜರಿನಲ್ಲಿ ಬಸ್‌ಸ್ಟ್ಯಾಂಡಿನ ಪೂರ್ವಕ್ಕೆ ಟೀ ಅಂಗಡಿ ಇದೆ ಅನ್ನುವುದೂ ಇದೆ. ಮೂಟೆ ಆ ರಾತ್ರಿ ಎಲ್ಲಿ ಮಲಗಿತು ಅನ್ನುವುದು ಮಾತ್ರ ಇಲ್ಲ.

ಒಂಬತ್ತು ದಿನ ಕಳೆದು ಮ್ಯಾಜಿಸ್ಟ್ರೇಟರ ಮುಂದೆ ಮೂಟೆ ಬಿಚ್ಚಿದರು. ತೂಕ 24 ಕೆ.ಜಿ. 650 ಗ್ರಾಂ. ಅಲ್ಲಿಂದ 24 ಗ್ರಾಂ ಸ್ಯಾಂಪಲ್ ಹೋಗಿ, ಲ್ಯಾಬಿನಿಂದ ‘ಇದು ಗಾಂಜಾ’ ಎಂಬ ವರದಿಯೂ ಬಂತು. ಸರ್ಕಾರಿ ವಕೀಲರಿಗೆ ನಿದ್ದೆ ಬಂತು. ಆಮೇಲೆ ಆರೋಪಿ ಪರ ವಕೀಲರ ಪಾಟೀ ಸವಾಲು ಶುರುವಾಯಿತು.

“ಸಾಹೇಬ್ರೇ, ಮೊಹರು ಒತ್ತಿದ ಮೇಲೆ ಆ ಮೊಹರನ್ನು ಯಾರಿಗೆ ಕೊಟ್ರಿ?”

“ನಮ್ಮ ಹೆಡ್ ಕಾನ್‌ಸ್ಟೇಬಲ್‌ಗೆ.”

“ಮೂಟೆಯನ್ನು?”

“ಅವರಿಗೇ.”

“ಅಂದ್ರೆ ಬೀಗವೂ ಬೀಗದ ಕೈಯೂ ಒಬ್ಬರ ಹತ್ರಾನೇ ಇತ್ತು ಅನ್ನಿ.”

ಪಿಎಸ್‌ಐ ಸಾಹೇಬರು ಫ್ಯಾನ್ ನೋಡಿದರು. ಮೊಹರನ್ನು ಮೂರನೆಯವರ ಕೈಗೆ ಕೊಡುವುದು ಶಾಸ್ತ್ರಕ್ಕಲ್ಲ. ಅರಗು ಒಡೆದವನಿಗೆ ಮತ್ತೆ ಅದೇ ಗುರುತು ಒತ್ತಲು ಆಗಬಾರದು, ಅದಕ್ಕೆ. ಮೊಹರಿನ ಒಂದು ಮಾದರಿ ಗುರುತನ್ನು ಬೇರೆ ಕಾಗದದ ಮೇಲೆ ಒತ್ತಿ ಲ್ಯಾಬಿಗೆ ಕಳಿಸುವುದೂ ಇದಕ್ಕೇ. ಅದು ಕೈಯಲ್ಲಿಲ್ಲದೆ ಲ್ಯಾಬಿನವರು ‘ಮೊಹರು ಸರಿ ಇತ್ತು’ ಎಂದು ಬರೆದರೆ, ಯಾವುದಕ್ಕೆ ಹೋಲಿಸಿ ಸರಿ ಇತ್ತು ಎಂದು ಕೇಳಬಹುದು.

“ಠಾಣಾಧಿಕಾರಿ ತಮ್ಮ ಮೊಹರನ್ನೂ ಒತ್ತಬೇಕು ಅಂತ 55ನೇ ಕಲಂ ಹೇಳುತ್ತೆ. ಒತ್ತಿದ್ರಾ?”

“ಅವರು ಬಂದೋಬಸ್ತಿಗೆ ಹೋಗಿದ್ರು.”

“ಹೆಡ್ ಕಾನ್‌ಸ್ಟೇಬಲ್ ಸಾಕ್ಷಿ ಪಟ್ಟಿಯಲ್ಲಿ ಇದ್ದಾರಾ?”

“ಇಲ್ಲ. ವರ್ಗ ಆಗಿದ್ದಾರೆ.”

“ಮುದ್ದೆಮಾಲು ರಿಜಿಸ್ಟರ್?”

“ಠಾಣೇಲಿದೆ.”

“ಅದಕ್ಕೂ ವರ್ಗ ಮಾಡಿಸಿ ಕೋರ್ಟಿಗೆ ತರಬಹುದಿತ್ತಲ್ಲ! ಇರಲಿ, ಒಂಬತ್ತು ದಿನದಲ್ಲಿ ಗಾಂಜಾ 450 ಗ್ರಾಂ ಜಾಸ್ತಿ ಆಗಿದ್ದು ಹೇಗೆ?”

ತೂಕ ಕಡಿಮೆಯಾಗಿದ್ದರೆ ಉತ್ತರ ಇತ್ತು. ಹಸಿ ಗಾಂಜಾ ಒಣಗುತ್ತದೆ, ಕೋರ್ಟುಗಳಿಗೂ ಅದು ಗೊತ್ತು. ಮೂಟೆಯೊಳಗೇ ಬೆಳೆಯುವ ಗಾಂಜಾವನ್ನು ಮಾತ್ರ ಕೃಷಿ ಇಲಾಖೆಯವರೂ ಕಂಡಿಲ್ಲ. ಮೊದಲ ದಿನ ಕಿರಾಣಿ ಅಂಗಡಿಯ ತಕ್ಕಡಿ ತಂದಿದ್ದೆವು ಎಂದರು ಸಾಹೇಬರು. ಅದು ನಿಜವೂ ಇರಬಹುದು. ಆದರೆ ಮಹಜರಿನಲ್ಲಿ ಟೀ ಅಂಗಡಿ ಇದೆ, ಕಿರಾಣಿ ಅಂಗಡಿ ಇಲ್ಲ.

ವಕೀಲರು ಗಾಂಜಾವನ್ನು ಯಾರೋ ಬದಲಿಸಿದರು ಅಂತ ಸಾಬೀತು ಮಾಡಲೇ ಇಲ್ಲ. ಮಾಡಬೇಕಾಗಿಯೂ ಇಲ್ಲ. ಹಿಡಿದದ್ದೂ ಲ್ಯಾಬು ಪರೀಕ್ಷಿಸಿದ್ದೂ ಒಂದೇ ಅಂತ ತೋರಿಸುವ ಹೊಣೆ ಸರ್ಕಾರದ್ದು. ಮ್ಯಾಜಿಸ್ಟ್ರೇಟರ ಸಹಿ ಹತ್ತನೇ ದಿನದಿಂದ ಮುಂದಕ್ಕೆ ಕಾಯುತ್ತದೆಯೇ ಹೊರತು ಹಿಂದಿನ ಒಂಬತ್ತು ರಾತ್ರಿಗಳನ್ನಲ್ಲ. ಲ್ಯಾಬಿನ ವರದಿಯಲ್ಲಿ ಒಂದಕ್ಷರ ತಪ್ಪಿಲ್ಲ. ಅದು ಯಾರ ಗಾಂಜಾ ಅನ್ನುವುದನ್ನು ಯಾವ ಯಂತ್ರವೂ ಹೇಳುವುದಿಲ್ಲ ಅಷ್ಟೆ.

ಇದು ಹೊಸ ಪಾಠವೇನಲ್ಲ. ರಾಜಸ್ಥಾನದ ಒಂದು ಕೇಸಿನಲ್ಲಿ ಮುದ್ದೆಮಾಲು ರಿಜಿಸ್ಟರ್ ಹಾಜರುಪಡಿಸಿರಲಿಲ್ಲ, ಹೋಲಿಕೆಗೆ ಮೊಹರಿನ ಮಾದರಿಯನ್ನೂ ಕಳಿಸಿರಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿ ಬಿಡುಗಡೆಯನ್ನು ಎತ್ತಿಹಿಡಿಯಿತು. ಇಪ್ಪತ್ತು ವರ್ಷವಾದರೂ ರಿಜಿಸ್ಟರ್ ‘ಠಾಣೇಲೇ ಇದೆ’.

ಹಾಗಂತ ದಾರ ಸಡಿಲಾದ ಕೂಡಲೇ ಆರೋಪಿ ಮನೆಗೆ ಹೋಗುತ್ತಾನೆ ಅಂದುಕೊಳ್ಳಬೇಡಿ. 52ಎ ಪಾಲಿಸಲಿಲ್ಲ ಅನ್ನುವುದೊಂದೇ ಬಿಡುಗಡೆಗೆ ಸಾಲದು ಎಂದು 2025ರ ಜನವರಿಯಲ್ಲಿ ಛತ್ತೀಸ್‌ಗಢದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಳಿದ ಸಾಕ್ಷ್ಯ ಗಟ್ಟಿಯಿದ್ದರೆ ಶಿಕ್ಷೆ ನಿಲ್ಲುತ್ತದೆ. ನಮ್ಮ ಮೂಟೆಯ ಕಷ್ಟ ಏನೆಂದರೆ ಒಂದು ಗಂಟು ಸಡಿಲಾಗಿದ್ದಲ್ಲ, ಮೊಹರು, ರಿಜಿಸ್ಟರ್, ಹೆಡ್ ಕಾನ್‌ಸ್ಟೇಬಲ್, ತೂಕ ಎಲ್ಲವೂ ಒಟ್ಟಿಗೆ ಕೈಕೊಟ್ಟಿವೆ. ಪಂಚರಿಬ್ಬರೂ ಪ್ರತಿಕೂಲ ಸಾಕ್ಷಿಗಳಾದರು ಅಂತ ಬೇರೆ ಹೇಳಬೇಕಾಗಿಲ್ಲ.

ಅದೇ 2025ರ ಜುಲೈನಲ್ಲಿ ಮತ್ತೊಂದು ತೀರ್ಪು ಬಂತು. ತಮಿಳುನಾಡಿನ ಜೋಡಿ ಕೊಲೆ ಕೇಸಿನಲ್ಲಿ ಗಲ್ಲು ಶಿಕ್ಷೆಯಾಗಿದ್ದವನನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಡಿಎನ್‌ಎ ಸ್ಯಾಂಪಲ್‌ಗಳನ್ನು ನಡೆಸಿಕೊಂಡ ರೀತಿಯೂ ಅಲ್ಲಿ ದೊಡ್ಡ ಲೋಪವಾಗಿತ್ತು. ಡಿಎನ್‌ಎ ಸ್ಯಾಂಪಲ್ ತೆಗೆದ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು, ತಡವಾದರೆ ಕಾರಣ ಬರೆಯಬೇಕು, ಕೋರ್ಟಿನ ಅನುಮತಿ ಇಲ್ಲದೆ ಪೊಟ್ಟಣ ತೆರೆಯಬಾರದು, ಕೈಬದಲಾದದ್ದನ್ನೆಲ್ಲ ಬರೆಯುವ ರಿಜಿಸ್ಟರ್ ಇಡಬೇಕು, ಅದನ್ನು ವಿಚಾರಣಾ ಕೋರ್ಟಿನ ದಾಖಲೆಗೆ ಸೇರಿಸಬೇಕು ಎಂದು ದೇಶಕ್ಕೆಲ್ಲ ಆದೇಶ ಆಯಿತು. ಗಲ್ಲುಗಂಬದವರೆಗೆ ಒಬ್ಬನನ್ನು ನಡೆಸಿಕೊಂಡು ಹೋದ ಮೇಲೆ, ಒಂದು ನೋಟ್‌ಬುಕ್ಕಿನ ನೆನಪಾಯಿತು ನೋಡಿ.

ನಮ್ಮ ಕಲ್ಪಿತ ಠಾಣೆಯಲ್ಲಿ ಮಾತ್ರ ಹೊಸ ಹೆಡ್ ಕಾನ್‌ಸ್ಟೇಬಲ್ ಸುದ್ದಿ ಓದಿ ಹುರುಪಾದರು. ಡಿಎನ್‌ಎಗಷ್ಟೇ ಯಾಕೆ, ಗಾಂಜಾಗೂ ಇರಲಿ ಅಂತ ದಪ್ಪ ಪುಸ್ತಕ ತಂದು ಗೆರೆ ಹೊಡೆದರು. ‘ಕೊಟ್ಟವರು’, ‘ತೆಗೆದುಕೊಂಡವರು’, ‘ಸಮಯ’, ‘ಸಹಿ’. ಆಮೇಲೆ ರೈಟರ್ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

“ರಾಯರೇ, ಮೂಲೆ ಮೂಟೆ ಆಗಲೇ ತೂತಾಗಿದೆ. ‘ತೆಗೆದುಕೊಂಡವರು’ ಕಾಲಂನಲ್ಲಿ ಹೆಬ್ಬೆಟ್ಟು ಆಗುತ್ತಾ, ಇಲ್ಲಾ ಬಾಲದ ಗುರುತೇ ಬೇಕಾ?”