ಗರಿ ಚಾವಣಿಯ ರೆಂಡರ್: ತಟ್ಟಿ ತಟ್ಟಿಯಾಗಿ ಹೊದಿಸಬೇಕೇ, ಟೆಕ್ಸ್ಚರ್ ಸಾಕೇ?

ಪರ: ತಟ್ಟಿಗಳನ್ನೇ ಹೊದಿಸಿ

ಕಂಪ್ಯೂಟರಿನಲ್ಲಿ ಮಾಡಿದ ರೆಸಾರ್ಟ್ ಕಾಟೇಜಿನ ಚಿತ್ರ ನೋಡುವವರ ಕಣ್ಣು ಬೇಗ ಹೋಗುವುದು ಸೂರಿಗೆ. ಆಕಾಶದ ಎದುರು ಸೂರಂಚು ನೆಟ್ಟಗೆ, ನಯವಾಗಿ ನಿಂತಿದ್ದರೆ ಮೇಲೆ ಎಂಥ ಚಂದದ ಗರಿಯ ಫೋಟೊ ಅಂಟಿಸಿದ್ದರೂ ಅದು ಶೀಟಿನ ಮಾಡೇ. ಬಂಪ್, ನಾರ್ಮಲ್ ಮ್ಯಾಪ್‌ಗಳು ಬೆಳಕನ್ನಷ್ಟೇ ಏಮಾರಿಸುತ್ತವೆ, ಹೊರರೇಖೆಯನ್ನು ಮುಟ್ಟುವುದಿಲ್ಲ. ಡಿಸ್‌ಪ್ಲೇಸ್‌ಮೆಂಟ್ ಮುಟ್ಟುತ್ತದೆ ನಿಜ. ಆದರೆ ಎತ್ತರದ ಮ್ಯಾಪ್ ಮೇಲ್ಮೈಯನ್ನು ಉಬ್ಬಿಸಬಲ್ಲದೇ ಹೊರತು, ಒಂದು ಗರಿಯಡಿ ಇನ್ನೊಂದು ನುಸುಳಿ ನಡುವೆ ಕತ್ತಲೆ ಉಳಿಯುವಂತೆ ಮಾಡಲಾರದು. ಪದರ ಅನ್ನಿಸುವುದು ಆ ಕತ್ತಲೆಯಿಂದಲೇ.

ಗರಿಯ ತಟ್ಟಿಗಳನ್ನು ಒಂದೊಂದಾಗಿ ಹೊದಿಸಿದರೆ ಕಂಪ್ಯೂಟರ್ ಕುಸಿಯುತ್ತದೆ ಅನ್ನುವವರು ಒಮ್ಮೆ ಲೆಕ್ಕ ಹಾಕಲಿ. ಎರಡು ಪಕ್ಕದ ಮಾಡು. ಸೂರಿನಿಂದ ಸೂರಿಗೆ 7 ಮೀಟರ್, ಉದ್ದ 9 ಮೀಟರ್, ಇಳಿಜಾರು 45 ಡಿಗ್ರಿ. ಒಂದು ಪಕ್ಕದ ಇಳಿಜಾರಿನ ಉದ್ದ ಸುಮಾರು 5 ಮೀಟರ್. ಪ್ರತಿ ಸಾಲು 10 ಸೆಂ.ಮೀ. ಹೊರಗೆ ಕಾಣುವಂತಿಟ್ಟರೆ 50 ಸಾಲು. ಮೀಟರ್ ಉದ್ದದ ತಟ್ಟಿಯಾದರೆ ಸಾಲಿಗೆ 9. ಎರಡೂ ಪಕ್ಕ ಸೇರಿ 900 ತಟ್ಟಿ. ಆರು ಬಗೆಯ ತಟ್ಟಿ ಮಾಡಿ, ಒಂದೊಂದಕ್ಕೂ 4,000 ತ್ರಿಕೋನ ಕೊಟ್ಟರೂ ಮೆಮೊರಿಯಲ್ಲಿ ಕೂರುವುದು 24,000 ಮಾತ್ರ. ಉಳಿದದ್ದೆಲ್ಲ ಇನ್‌ಸ್ಟನ್ಸ್: ಎಲ್ಲಿ, ಯಾವ ಕೋನದಲ್ಲಿ ಎಂಬ ಮಾಹಿತಿಯಷ್ಟೇ. ರೆಂಡರ್ ನಿಜವಾಗಿ ನಿಧಾನವಾಗುವುದು ಚೌಕದ ಮೇಲೆ ಒಪಾಸಿಟಿ ಮ್ಯಾಪ್ ಹಾಕಿ ಗರಿ ಕತ್ತರಿಸಿದಾಗ, ಏಕೆಂದರೆ ಪಾರದರ್ಶಕ ಜಾಗ ಸಿಕ್ಕಲ್ಲೆಲ್ಲ ಕಿರಣ ಮತ್ತೆ ಲೆಕ್ಕಕ್ಕೆ ನಿಲ್ಲಬೇಕು. ಎಸಳಿನ ಆಕಾರಕ್ಕೇ ಮೆಶ್ ಕತ್ತರಿಸಿಬಿಡಿ.

ಹೊದಿಸುವುದು ಹೊದಿಸುವವರ ಕ್ರಮದಲ್ಲೇ ಆಗಲಿ: ಸೂರಿನಿಂದ ಮೇಲಕ್ಕೆ, ಮೊದಲ ಸಾಲು ಎರಡು ಪದರ, ಒಂದು ಬಿಟ್ಟು ಒಂದು ಸಾಲನ್ನು ಅರ್ಧ ತಟ್ಟಿ ಪಕ್ಕಕ್ಕೆ ಸರಿಸಿ. ತಟ್ಟಿಯ ಕೆಳತುದಿ ಕೆಳಗಿನ ಸಾಲಿನ ಮೇಲೆ ಕೂರುವುದರಿಂದ ಅದು ಮಾಡಿಗಿಂತ ಎರಡು ಮೂರು ಡಿಗ್ರಿ ಮಟ್ಟಸವಾಗಿರುತ್ತದೆ. ಈ ಚಿಕ್ಕ ವ್ಯತ್ಯಾಸವೇ ಪ್ರತಿ ಸಾಲಿನಡಿ ನೆರಳಿನ ಗೆರೆ ಎಳೆಯುವುದು. ಅಡ್ಡಕ್ಕೆ ತಿರುಗಿಸುವುದು ಎರಡು ಡಿಗ್ರಿ ದಾಟಬಾರದು. ದಾಟಿದರೆ ಹೊದಿಸಿದ ಮಾಡಲ್ಲ, ಗಾಳಿಗೆ ಕಿತ್ತುಬಂದ ಮಾಡು. ಸೂರಿನ ಸಾಲಿಗೆ ಕತ್ತರಿಸಿದ ತುದಿಯ ತಟ್ಟಿಗಳೇ ಬೇರೆ ಇರಲಿ: ಬಹುಪಾಲು ಎಸಳು ಒಂದೇ ಮಟ್ಟಕ್ಕೆ, ಅಲ್ಲೊಂದು ಇಲ್ಲೊಂದು ಎರಡು ಸೆಂ.ಮೀ. ತಪ್ಪಿಸಿಕೊಂಡದ್ದು.

ವಿರೋಧ: ಚರ್ಮ ಒಂದೇ ಇರಲಿ, ಅಂಚು ನಿಜವಿರಲಿ

ಆ 900ರ ಲೆಕ್ಕ ಸರಿಯೇ. ಆದರೆ ಅದು ಕ್ಯಾಮೆರಾ ಎಲ್ಲಿದೆ ಎಂದು ಕೇಳುವುದಿಲ್ಲ. ರೆಸಾರ್ಟಿನ ಸಾಮಾನ್ಯ ದೃಶ್ಯದಲ್ಲಿ ಕಾಟೇಜುಗಳ ದೂರಕ್ಕೆ 60 ಮೀಟರ್ ಅಗಲ ಕಾಣುತ್ತದೆ ಅನ್ನೋಣ. ಚಿತ್ರ 4,000 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್‌ಗೆ 15 ಮಿ.ಮೀ. ಮೂರು ಸೆಂ.ಮೀ. ಎಸಳು ಎರಡೇ ಪಿಕ್ಸೆಲ್, 5 ಮಿ.ಮೀ. ಹುಲ್ಲುಕಡ್ಡಿಯಾದರೆ ಒಂದು ಪಿಕ್ಸೆಲ್‌ನೊಳಗೆ ಮೂರು. ಅಷ್ಟು ಸಣ್ಣದು ಕಾಳುಕಾಳಾಗಿ ನಾಯ್ಸ್ ಆಗುತ್ತದೆ, ಡಿನಾಯ್ಸರ್ ಅದನ್ನು ಸವರಿ ಅಂಬಲಿ ಮಾಡುತ್ತದೆ. ಕ್ಯಾಮೆರಾ ಚಲಿಸುವ ವೀಡಿಯೊದಲ್ಲಿ ಮಾಡಿಡೀ ಮಿನುಗುತ್ತದೆ.

ಇದಕ್ಕಿಂತ ದೊಡ್ಡ ತಕರಾರು ಹಳತಾಗುವಿಕೆಯದು. ಪ್ರತಿ ತಟ್ಟಿಗೂ ಮನಬಂದ ಬಣ್ಣ ಕೊಟ್ಟು ಹಳೆಯ ಮಾಡು ಎನ್ನುವ ರೂಢಿಯಿದೆ. ಫಲ ಮಾತ್ರ ಚೌಕಳಿ. ಮಳೆ ಬಿಸಿಲಿಗೆ ತಟ್ಟಿಯ ಗಡಿ ಗೊತ್ತಿಲ್ಲ. ಬಿಸಿಲ ಪಕ್ಕ ಬೂದು ಬಣ್ಣಕ್ಕೆ ತಿರುಗುತ್ತದೆ. ನೆರಳ ಪಕ್ಕದಲ್ಲಿ, ಮರದ ಕೊಂಬೆಯಡಿಯಲ್ಲಿ ಪಾಚಿ ಹಿಡಿಯುತ್ತದೆ. ಮೇಲಿನ ನೀರೆಲ್ಲ ಹರಿದು ಬರುವ ಕೆಳಸಾಲುಗಳು ತಡವಾಗಿ ಒಣಗಿ ಕಪ್ಪಾಗುತ್ತವೆ. ಹುಲ್ಲಿನ ಮಾಡಿನಲ್ಲಿ ನೆತ್ತಿ ಬೇಗ ಸವೆಯುವುದರಿಂದ ಅದನ್ನಷ್ಟೇ ಮೊದಲು ಹೊಸದಾಗಿ ಕಟ್ಟುವುದುಂಟು. ಬೂದು ಮಾಡಿನ ಮೇಲೆ ಹಳದಿ ನೆತ್ತಿ ಕಂಡರೆ ಕಟ್ಟಡಕ್ಕೆ ವಯಸ್ಸು ಬಂದದ್ದು ತಾನಾಗಿ ತಿಳಿಯುತ್ತದೆ. ಇವೆಲ್ಲ ಮಾಡಿನುದ್ದಕ್ಕೂ ಹರಡುವ ಕಲೆಗಳು. ಟೆಕ್ಸ್ಚರ್ ಕೂರಿಸುವ ಯುವಿ ನಕ್ಷೆ ಇಡೀ ಮಾಡಿಗೆ ಒಂದೇ ಇದ್ದರೆ ಒಂದು ಮಾಸ್ಕಿನಲ್ಲಿ ಬಳಿದು ಮುಗಿಸಬಹುದು. ತಟ್ಟಿಗಳ ಮೇಲೂ ಮೇಲಿನಿಂದ ಪ್ರೊಜೆಕ್ಟ್ ಮಾಡಬಹುದು, ಒಪ್ಪುತ್ತೇನೆ. ಅಷ್ಟು ತಾಳ್ಮೆ ಇರುವವರು ಕಡಿಮೆ.

ಹಾಗಾಗಿ ಮಾಡನ್ನು ಮೆಟ್ಟಿಲು ಮೆಟ್ಟಿಲಾದ ಒಂದೇ ಚರ್ಮವಾಗಿ ಮಾಡಿ, ಪ್ರತಿ ಸಾಲಿನ ತುಟಿ ಮೂರು ಸೆಂ.ಮೀ. ಹೊರಚಾಚಲಿ, ಟೆಕ್ಸ್ಚರ್ ನೀರು ಹರಿಯುವ ದಿಕ್ಕಿಗೇ ಇರಲಿ. ನಾಲ್ಕು ಪಕ್ಕದ ಮಾಡಾದರೆ ಮೂಲೆಗೆರೆಯ ಆಚೆ ಆ ದಿಕ್ಕು ತಿರುಗಲೇಬೇಕು. ನಿಜವಾದ ಎಸಳುಗಳನ್ನು ಸೂರು, ಪಕ್ಕದ ಅಂಚು, ನೆತ್ತಿಗೆ ಮಾತ್ರ ಮೀಸಲಿಡಿ. ದಪ್ಪ ಹುಲ್ಲಿನ ಸೂರಿನಲ್ಲಿ ಕತ್ತರಿಸಿದ ಮುಖವೇ 30 ಸೆಂ.ಮೀ. ಇರಬಹುದು. ಅಲ್ಲಿ ಕಾಣಬೇಕಾದದ್ದು ಕಡ್ಡಿಗಳ ಕೊನೆ, ಒತ್ತೊತ್ತಾದ ಚುಕ್ಕೆಗಳು. ಆದರೆ ಮಾಡಿನ ಮೇಲಿನ ಗೆರೆಗೆರೆ ಟೆಕ್ಸ್ಚರನ್ನೇ ಅಲ್ಲಿಗೂ ಎಳೆದುಬಿಟ್ಟಿರುತ್ತಾರೆ. ಬಲ್ಲವರು ಸುಳ್ಳು ಹಿಡಿಯುವುದೇ ಅಲ್ಲಿ. ಆ ಮುಖಕ್ಕೆ ಬೇರೆ ಮೆಟೀರಿಯಲ್ ಬೇಕು.

ಜಗಲಿಯಲ್ಲಿ ನಿಂತು ಕತ್ತೆತ್ತಿ ನೋಡುವ ಕ್ಯಾಮೆರಾಗೆ ಮಾತ್ರ ಈ ಚರ್ಮ ಸಾಲದು. ರೀಪರುಗಳ ನಡುವೆ ಗರಿಯ ಹಿಂಬದಿ, ಅಲ್ಲಲ್ಲಿ ನುಸುಳುವ ಬೆಳಕು ಕಾಣಬೇಕಾದ್ದರಿಂದ ಆ ಒಂದು ಕಾಟೇಜಿಗೆ ತಟ್ಟಿ ಹೊದಿಸಿ, ಉಳಿದವನ್ನು ಹಾಗೇ ಬಿಡಿ.