ಟಿಡಿಎಸ್ ಮೀಟರ್ ಗಡಸುತನ ಅಳೆಯುವುದಿಲ್ಲ

"ಟಿಡಿಎಸ್ ಮೀಟರ್ 400 ತೋರಿಸಿದರೆ ನೀರಿನ ಗಡಸುತನವೂ 400, ಅಲ್ವಾ?" ಪುಣೆಯ ನಮ್ಮ ಕನ್ನಡ ಬಳಗದ ಗುಂಪಿಗೆ ಈ ಫಾರ್ವರ್ಡ್ ಆಗಾಗ ಬರುತ್ತದೆ.

ಹಾಗಲ್ಲ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ವಸ್ತು, ಆದರೆ ಆ ಮೀಟರ್ ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಒಂದು ಲೋಟ ಆರ್‌ಒ ನೀರಿಗೆ ಸ್ವಲ್ಪವೇ ಅಡುಗೆ ಉಪ್ಪು ಹಾಕಿ ನೋಡಿ. ಅಂಕಿ ಜಿಗಿಯುತ್ತದೆ, ಆದರೂ ಸೋಪು ನೊರೆ ಕೊಡುತ್ತದೆ. ನೀರನ್ನು ಗಡಸು ಮಾಡುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ.

ಇವನ್ನು ಅಳೆಯಲು ಇಡಿಟಿಎ ಎಂಬ ರಾಸಾಯನಿಕ ಬಳಸುತ್ತಾರೆ. ಅದರ ಒಂದೇ ಅಣು ಒಂದು ಕ್ಯಾಲ್ಸಿಯಂ ಅಯಾನನ್ನು ಏಡಿಯಂತೆ ಆರು ಕಡೆಯಿಂದ ಹಿಡಿಯುತ್ತದೆ. ಅಯಾನಿಗೆ ಅಂಟಿಕೊಂಡಿದ್ದ ಹಲವು ನೀರಿನ ಅಣುಗಳು ಆಗ ಬಿಡುಗಡೆಯಾಗುತ್ತವೆ. ಒಂದು ಬಂದು ಹಲವು ಹೊರಟಿದ್ದರಿಂದ ಎಂಟ್ರೊಪಿ, ಅಂದರೆ ಅಣುಗಳ ಚದುರುವಿಕೆ, ಜಾಸ್ತಿಯಾಗುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಇದೇ ಕೀಲೇಟ್ ಪರಿಣಾಮ.

ಲ್ಯಾಬಿನಲ್ಲಿ 50 ಮಿಲಿ ನೀರಿಗೆ ಪಿಎಚ್ ಬದಲಾಗದಂತೆ ಹಿಡಿದಿಡುವ ಅಮೋನಿಯಾ ಬಫರ್ ಹಾಕಿ ಪಿಎಚ್ 10ಕ್ಕೆ ತರುತ್ತಾರೆ. ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕ ಬಣ್ಣ ಸೇರಿಸಿದಾಗ ನೀರು ದ್ರಾಕ್ಷಿಗೆಂಪಾಗುತ್ತದೆ. ಬ್ಯುರೆಟ್‌ನಿಂದ 0.01 ಮೋಲಾರ್ ಇಡಿಟಿಎ ಬಿಡುತ್ತಾ ಹೋಗಬೇಕು. ಕೊನೆಗೆ ಒಂದೊಂದೇ ಹನಿ, ಕೆಂಪು ಪೂರ್ತಿ ಹೋಗಿ ನೀಲಿ ಬರುವವರೆಗೆ. ಇದರ 1 ಮಿಲಿ ಎಂದರೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. ಆ 50 ಮಿಲಿ ನೀರಿಗೆ 9 ಮಿಲಿ ಖರ್ಚಾದರೆ ಲೀಟರಿಗೆ 180 ಮಿಲಿಗ್ರಾಂ. ಮೀಟರ್ 400 ತೋರಿಸಿದ ನೀರಿನಲ್ಲೂ ಇಷ್ಟೇ ಇರಬಹುದು. ಬಫರ್ ಮರೆತರೆ ಮಾತ್ರ ಈ ಅಳತೆಯನ್ನೂ ನಂಬಬೇಡಿ, ಬಣ್ಣ ಸರಿಯಾಗಿ ತಿರುಗುವುದೇ ಇಲ್ಲ.