ಬೋನಸ್ ಎಷ್ಟು ಅಂತ ಕೇಳ್ತೀರಿ, ನಿಮ್ಮ ಗ್ರಾಂ ಎಲ್ಲಿದೆ ಅಂತ ಕೇಳಲ್ಲ

ಇವತ್ತು ಒಂದು ಗ್ರೂಪಿನಲ್ಲಿ ಒಡವೆ ಅಂಗಡಿಗಳ ಚಿನ್ನದ ಸ್ಕೀಮ್ ಬಗ್ಗೆ ಮತ್ತೆ ಅದೇ ಚರ್ಚೆ. ಒಂದು ಅಂಗಡಿಯಲ್ಲಿ 11 ಕಂತು ಕಟ್ಟಿದರೆ 12ನೇದು ಅವರದ್ದಂತೆ, ಇನ್ನೊಂದರಲ್ಲಿ ಮೇಕಿಂಗ್ ಚಾರ್ಜ್ ಇಲ್ಲವಂತೆ, ಯಾವುದಕ್ಕೆ ಸೇರೋದು? ಕಾಮೆಂಟ್ ಹಾಕಿದವರೆಲ್ಲ ಬೋನಸ್ ಲೆಕ್ಕ ಹಾಕಿದರು. ಕೊನೆಗೆ ಒಡವೆ ಕೊಡುವ ಶಕ್ತಿ ಆ ಅಂಗಡಿಗೆ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಓದಿ ನಿಜಕ್ಕೂ ಸಿಟ್ಟು ಬಂತು.

ಚಿನ್ನದ ಸ್ಕೀಮ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕಂತು ರೂಪಾಯಿಯಾಗಿಯೇ ಜಮೆ ಆಗುತ್ತದೆ, ಕೊನೆಯ ದಿನದ ದರಕ್ಕೆ ಒಡವೆ. ಇನ್ನೊಂದರಲ್ಲಿ ಪ್ರತಿ ಕಂತೂ ಆ ದಿನದ ದರದಲ್ಲಿ ಗ್ರಾಂ ಆಗಿ ಪಾಸ್‌ಬುಕ್‌ಗೆ ಏರುತ್ತದೆ. ದರ ಏರುವಾಗ ಎಲ್ಲರೂ ಹುಡುಕಿಕೊಂಡು ಹೋಗುವುದು ಈ ಎರಡನೆಯದಕ್ಕೆ. ಅಂಗಡಿ ಎಡವುವುದೂ ಇಲ್ಲಿಯೇ.

ಹೇಗೆ ಅಂತ ನೋಡಿ. ತಿಂಗಳಿಗೆ 5,000 ರೂಪಾಯಿಯಂತೆ 11 ಕಂತು, ಒಟ್ಟು 55,000. ಲೆಕ್ಕ ಸುಲಭವಾಗಲಿ ಅಂತ ಅಷ್ಟೂ ತಿಂಗಳು ಗ್ರಾಂಗೆ 9,000 ರೂಪಾಯಿ ಇತ್ತು ಅಂದುಕೊಳ್ಳೋಣ. ನಿಮ್ಮ ಹೆಸರಿಗೆ 6.11 ಗ್ರಾಂ. ಒಡವೆ ತರಲು ಹೋಗುವ ಹೊತ್ತಿಗೆ ದರ 12,000 ಆಗಿದ್ದರೆ ಅಂಗಡಿ ಕೊಡಬೇಕಾದ ಚಿನ್ನದ ಬೆಲೆ ಸುಮಾರು 73,300. ತಿಂಗಳು ತಿಂಗಳು ನಿಮ್ಮ ಹಣಕ್ಕೆ ಚಿನ್ನ ಕೊಂಡಿಟ್ಟ ಅಂಗಡಿಗೆ ಇದರಿಂದ ಏನೂ ತೊಂದರೆಯಿಲ್ಲ. ಆ ಹಣವನ್ನು ಹೊಸ ಬ್ರಾಂಚಿನ ಅಡ್ವಾನ್ಸಿಗೋ ಜಾಹೀರಾತಿಗೋ ಹಾಕಿದ ಅಂಗಡಿಗೆ ಒಬ್ಬ ಗ್ರಾಹಕನ ಮೇಲೆ 18,300 ರೂಪಾಯಿ ಕೊರತೆ. ಇಂಥವರು ಸಾವಿರ ಜನ ಇದ್ದರೆ 1.83 ಕೋಟಿ. ಆಮೇಲೆ ಹೊಸಬರ ಕಂತಿನಿಂದ ಹಳಬರಿಗೆ ಒಡವೆ ಕೊಡುವುದು ಶುರುವಾಗುತ್ತದೆ.

"ಮೂರು ತಲೆಮಾರಿನ ಅಂಗಡಿ, ಓಡಿ ಹೋಗ್ತಾರಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಓಡಿ ಹೋಗಬೇಕಾಗಿಯೇ ಇಲ್ಲ. ಮಾಲೀಕರು ಎಷ್ಟೇ ಒಳ್ಳೆಯವರಾಗಿರಲಿ, ಈ ಕೊರತೆ ಅವರನ್ನೂ ಬಿಡುವುದಿಲ್ಲ. ಒಳ್ಳೆಯತನದಿಂದ ಗ್ರಾಂ ಹುಟ್ಟುವುದಿಲ್ಲ.

ಹಾಗಾದರೆ ಗ್ರಾಂ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೊದಲು ರಸೀದಿಯಲ್ಲಿರುವ ಹೆಸರು ನೋಡಿ. ಬೋರ್ಡಿನ ಹೆಸರು ಬೇರೆ, ಹಣ ಪಡೆಯುವವರ ಹೆಸರು ಬೇರೆ ಇರಬಹುದು. ಯುಪಿಐ ಮಾಡುವಾಗ ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ರಸೀದಿಯಲ್ಲಿ ಪ್ರೈವೇಟ್ ಲಿಮಿಟೆಡ್ ಅಥವಾ ಲಿಮಿಟೆಡ್ ಅಂತಿದ್ದರೆ ನಿಮ್ಮ ಕೆಲಸ ಸುಲಭ. mca.gov.in ನಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಆ ಕಂಪನಿಯ ಬ್ಯಾಲೆನ್ಸ್ ಶೀಟ್ ಸಿಗುತ್ತದೆ. ಅದರಲ್ಲಿ ಮೂರು ಅಂಕಿ ಸಾಕು: ದಾಸ್ತಾನು, ಬ್ಯಾಂಕ್ ಸಾಲ, ಗ್ರಾಹಕರಿಂದ ಪಡೆದ ಮುಂಗಡ. ಉದಾಹರಣೆಗೆ ದಾಸ್ತಾನು 40 ಕೋಟಿ, ಅದರ ಮೇಲೆ ಬ್ಯಾಂಕ್ ಸಾಲ 25 ಕೋಟಿ, ಮುಂಗಡ 20 ಕೋಟಿ. ಶೋಕೇಸಿನಲ್ಲಿ ಕಣ್ಣು ಕೋರೈಸುವ ಚಿನ್ನದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಉಳಿದ 15 ಕೋಟಿಯಲ್ಲಿ 20 ಕೋಟಿಯ ಸ್ಕೀಮ್‌ದಾರರು ಪಾಲು ಹುಡುಕಬೇಕು, ಏಕೆಂದರೆ ಅವರ ಹಣಕ್ಕೆ ಯಾವ ಅಡಮಾನವೂ ಇಲ್ಲ. ಇಂಥ ಅಂಗಡಿಗೆ ಒಂದು ಕಂತೂ ಬೇಡ. ಈ ಲೆಕ್ಕ ಹಿಂದಿನ ಮಾರ್ಚ್ ಕೊನೆಯದು ಅನ್ನುವುದು ನೆನಪಿರಲಿ. ಆದ್ದರಿಂದ ಎರಡು ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ದಾಸ್ತಾನು ಅಲ್ಲೇ ನಿಂತು ಮುಂಗಡ ಮಾತ್ರ ಬೆಳೆಯುತ್ತಿದ್ದರೆ ಹಣ ಚಿನ್ನವಾಗುತ್ತಿಲ್ಲ ಅಂತಲೇ ಅರ್ಥ.

ಒಬ್ಬರೇ ಮಾಲೀಕರ ಅಂಗಡಿ ಅಥವಾ ಪಾಲುದಾರಿಕೆಯಾದರೆ ಈ ಲೆಕ್ಕ ಹೊರಗೆ ಸಿಗುವುದಿಲ್ಲ. ಅಲ್ಲಿ ಅವಧಿ ಮುಗಿಸಿದವರನ್ನೇ ಮಾತಾಡಿಸಬೇಕು. ಒಡವೆ ಅದೇ ದಿನ ಕೊಟ್ಟರಾ, "ಮುಂದಿನ ವಾರ ಬನ್ನಿ" ಅಂದರಾ? ಬೇಕಾದ ಡಿಸೈನ್ ಸಿಕ್ಕಿತಾ, ಅಥವಾ ವೇಸ್ಟೇಜ್ ಜಾಸ್ತಿ ಇರುವುದನ್ನೇ ಮುಂದಿಟ್ಟರಾ? ಒಡವೆ ಬದಲು ಹೊಸ ಸ್ಕೀಮ್‌ಗೆ ಸೇರಿಸಲು ಒತ್ತಾಯ ಮಾಡಿದರಾ? ಮೊದಲು ಸುಸ್ತು ಕಾಣುವುದು ಇಲ್ಲಿ, ಅಂಗಡಿ ಬಾಗಿಲು ಹಾಕುವುದಕ್ಕಿಂತ ಎಷ್ಟೋ ತಿಂಗಳು ಮುಂಚೆ.

ಅವಧಿಯೂ ಒಂದು ಗುರುತು. 2014ರ ಠೇವಣಿ ನಿಯಮಗಳ ಪ್ರಕಾರ ಕಂಪನಿಯೊಂದು ಸರಕಿಗಾಗಿ ಪಡೆದ ಮುಂಗಡವನ್ನು 365 ದಿನದೊಳಗೆ ಸರಕಿಗೆ ಹೊಂದಿಸಬೇಕು, ಇಲ್ಲದಿದ್ದರೆ ಅದು ಠೇವಣಿಯಾಗುತ್ತದೆ. ಸ್ಕೀಮ್‌ಗಳು 11 ತಿಂಗಳಿಗೆ ನಿಲ್ಲುವುದು ಇದಕ್ಕೇ. 18 ಅಥವಾ 24 ತಿಂಗಳ ಸ್ಕೀಮ್ ತೋರಿಸಿದರೆ ಯಾವ ಅನುಮತಿಯ ಮೇಲೆ ಅಂತ ಬರಹದಲ್ಲಿ ಕೇಳಿ.

ಅವಧಿ ಮುಗಿದ ವಾರವೇ ಹೋಗಿ ಒಡವೆ ತನ್ನಿ. ದರ ಇಳಿಯಲಿ ಅಂತ ಕಾಯಬೇಡಿ, ಬಾಕಿ ಅಲ್ಲೇ ಬಿಡಬೇಡಿ. ಒಡವೆಯ ಮೇಲಿನ ಆರಕ್ಷರದ ಹಾಲ್‌ಮಾರ್ಕ್ ಗುರುತು ಹೆಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಲ್ಲೇ ಹಾಕಿ ನೋಡಿ, ಆಮೇಲೆ ಪಾಸ್‌ಬುಕ್ ವಾಪಸ್ ಕೊಡಿ. ಕೊಡುವ ಮುಂಚೆ ಪ್ರತಿ ಪುಟದ ಫೋಟೋ ನಿಮ್ಮ ಫೋನಿನಲ್ಲಿರಲಿ. ಅಂಗಡಿಯವರು ತಡ ಮಾಡಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ನಿಮ್ಮ ಕೈಯಲ್ಲಿ ಉಳಿಯುವುದು ಆ ಫೋಟೋ, ರಸೀದಿಗಳು ಮಾತ್ರ.